ಬಳ್ಳಾರಿಯ ಗ್ರಾಫ್ ಹೇಳುವುದೇ ಬೇರೆ

"ಬಳ್ಳಾರಿಯ ಹವಾಗುಣದ ಗ್ರಾಫ್ ಓದುವುದು ಹೇಗೆ ಅಂತ ಒಂದು ಲೇಖನ ಕಳಿಸಿದ್ದೇನೆ. ವಾರ್ಷಿಕ ಉಷ್ಣಾಂಶದ ವ್ಯತ್ಯಾಸ 22 ಡಿಗ್ರಿ, ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್, ಯಾವ ತಿಂಗಳೂ 18 ಡಿಗ್ರಿಗಿಂತ ತಂಪಾಗದ ಕಾರಣ ಸವನ್ನಾ ಹವಾಗುಣ ಎಂದು ಬರೆದಿದ್ದೇನೆ. ಪ್ರಕಟಿಸಬಹುದೇ?"

ಈಗಿರುವ ರೂಪದಲ್ಲಿ ಆಗುವುದಿಲ್ಲ. ನಿಮ್ಮ ಭಾಷೆ ತಿಳಿಯಾಗಿದೆ, ಗ್ರಾಫ್ ಕೂಡ ಚೆನ್ನಾಗಿದೆ. ಆದರೆ ಮೂರು ತೀರ್ಮಾನಗಳೂ ಆ ಗ್ರಾಫ್‌ನಿಂದ ಬಂದವಲ್ಲ.

22 ಡಿಗ್ರಿಯನ್ನೇ ನೋಡಿ. ನಿಮ್ಮ ಗ್ರಾಫ್‌ನಲ್ಲಿರುವುದು ಒಂದೇ ಕೆಂಪು ಗೆರೆ, ಅದು ತಿಂಗಳ ಸರಾಸರಿ ಉಷ್ಣಾಂಶದ್ದು. ಗೆರೆಯ ತುದಿ ಏಪ್ರಿಲ್‌ನಲ್ಲಿ 32, ತಳ ಡಿಸೆಂಬರ್‌ನಲ್ಲಿ 23. ಕಳೆದರೆ 9 ಡಿಗ್ರಿ, ವಾರ್ಷಿಕ ವ್ಯತ್ಯಾಸ ಅಂದರೆ ಇದೇ. ನೀವು ಕಳೆದದ್ದು 39ರಿಂದ 17ನ್ನು: ಒಂದು ಏಪ್ರಿಲ್‌ನ ಹಗಲಿನ ಗರಿಷ್ಠದ ಸರಾಸರಿ, ಇನ್ನೊಂದು ಡಿಸೆಂಬರ್‌ನ ರಾತ್ರಿಯ ಕನಿಷ್ಠದ ಸರಾಸರಿ. ಹಗಲು-ರಾತ್ರಿಯ ಏರಿಳಿತವೂ ಅದರಲ್ಲಿ ಸೇರಿಕೊಂಡಿತು. ಆ ಸಂಖ್ಯೆಯೂ ಬೇಕಿದ್ದರೆ ಬೇರೆ ಹೆಸರಿಟ್ಟು, ಬೇರೆ ವಾಕ್ಯದಲ್ಲಿ ಕೊಡಿ.

ಮಳೆಗಾಲದ ವಿಷಯದಲ್ಲಿ ಪಾಠದ ಪುಸ್ತಕದ ನೆನಪು ನಿಮ್ಮ ಕಣ್ಣನ್ನು ದಾರಿ ತಪ್ಪಿಸಿದೆ. ಸ್ಕೇಲನ್ನು ಪ್ರತಿ ಕಂಬದ ತಲೆಗೆ ಅಡ್ಡ ಇಟ್ಟು, ಬಲಗಡೆಯ ಮಿಲಿಮೀಟರ್ ಅಂಚಿನಲ್ಲಿ ಓದಿ. ಎಡಗಡೆ ಇರುವುದು ಡಿಗ್ರಿ. ಹಾಗೆ ಓದಿದಾಗ ನಮಗೆ ಸಿಕ್ಕಿದ್ದು: ಏಪ್ರಿಲ್ 20, ಮೇ 50, ಜೂನ್ 45, ಜುಲೈ 45, ಆಗಸ್ಟ್ 60, ಸೆಪ್ಟೆಂಬರ್ 125, ಅಕ್ಟೋಬರ್ 105, ನವೆಂಬರ್ 40. ಉಳಿದ ನಾಲ್ಕು ತಿಂಗಳು ಸೇರಿ 20. ಒಟ್ಟು 510 ಮಿ.ಮೀ.

ಜೂನ್, ಜುಲೈ ಎರಡೂ ಸೇರಿದರೂ ಅಕ್ಟೋಬರ್ ಒಂದರಷ್ಟು ಆಗುವುದಿಲ್ಲ. ನೀವು ಮಳೆಗಾಲದಿಂದ ಹೊರಗಿಟ್ಟದ್ದು ವರ್ಷದ ಎರಡನೇ ಅತಿ ದೊಡ್ಡ ಕಂಬವನ್ನು! ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರಿನ ಗಾಳಿ ಬರುವಷ್ಟರಲ್ಲಿ ತೇವ ಬಹುಪಾಲು ಘಟ್ಟದಲ್ಲೇ ಸುರಿದುಹೋಗಿರುತ್ತದೆ. ಮುಂಗಾರು ಹಿಂದೆ ಸರಿಯುವಾಗ, ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಮಳೆಯೇ ಇಲ್ಲಿ ಆಸರೆ. ಎರೆಹೊಲದ ರೈತರು ಉತ್ತರಿ, ಹಸ್ತ, ಚಿತ್ತಿ ಮಳೆಗೆ ಕಾದು ಹಿಂಗಾರಿ ಜೋಳ, ಕಡಲೆ ಬಿತ್ತುವುದನ್ನು ನೀವು ನೋಡಿಯೇ ಇರುತ್ತೀರಿ. ಗ್ರಾಫ್ ಹೇಳುತ್ತಿರುವುದೂ ಅದನ್ನೇ.

ಯಾವ ತಿಂಗಳು ನಿಜಕ್ಕೂ ಹಸಿ ಎಂದು ತಿಳಿಯಲು ಸರಳ ಅಳತೆಯೊಂದಿದೆ: ಮಿಲಿಮೀಟರಿನಲ್ಲಿ ಮಳೆ, ಡಿಗ್ರಿಯಲ್ಲಿ ಉಷ್ಣಾಂಶದ ಎರಡು ಪಟ್ಟು ಮೀರಬೇಕು. ಜುಲೈಗೆ 27ರ ಎರಡು ಪಟ್ಟು 54, ಮಳೆ 45. ಹಾಗಾಗಿ ಒಣ ತಿಂಗಳು. ಆಗಸ್ಟ್‌ನ ಉಷ್ಣಾಂಶವೂ 27, ಮಳೆ 60, ಅಂಚಿನಲ್ಲಿ ಪಾಸು. ಸೆಪ್ಟೆಂಬರ್, ಅಕ್ಟೋಬರ್ ಸಲೀಸಾಗಿ ದಾಟುತ್ತವೆ, ಬೇರೆ ಯಾವ ತಿಂಗಳೂ ದಾಟುವುದಿಲ್ಲ. ಆದ್ದರಿಂದ "ಮೇಯಿಂದ ನವೆಂಬರ್‌ವರೆಗೆ ಮಳೆ ಬೀಳುತ್ತದೆ, ಹಸಿ ತಿಂಗಳುಗಳು ಆಗಸ್ಟ್‌ನಿಂದ ಅಕ್ಟೋಬರ್" ಎಂದು ಬರೆಯಿರಿ. ಇದನ್ನು ಓದುಗರು ಕಣ್ಣಿನಲ್ಲೇ ಕಾಣಬೇಕಾದರೆ ಎರಡು ಅಂಚುಗಳ ಅಳತೆ ಒಂದಕ್ಕೆರಡು ಇರಬೇಕು. ನಿಮ್ಮದು ಎಡಕ್ಕೆ 50, ಬಲಕ್ಕೆ 150. ಅದರಲ್ಲಿ ಆಗಸ್ಟ್ ಕಂಬ ಗೆರೆಯ ಕೆಳಗೇ ಉಳಿದು ಒಣ ತಿಂಗಳಂತೆ ಕಾಣುತ್ತದೆ. ಎಡಕ್ಕೆ 70, ಬಲಕ್ಕೆ 140 ಇಟ್ಟು ಮತ್ತೆ ಎಳೆಯಿರಿ.

ಇನ್ನು ಸವನ್ನಾ. 18 ಡಿಗ್ರಿಯ ಪರೀಕ್ಷೆ ತಪ್ಪಲ್ಲ, ಅದನ್ನು ಮಾಡಿದ ಸರದಿ ತಪ್ಪು. ಕೊಪೆನ್ ವರ್ಗೀಕರಣದಲ್ಲಿ ಮೊದಲು ಒಣತನದ ಪರೀಕ್ಷೆ. ಅದರಲ್ಲಿ ಒಣ ಎಂದಾದರೆ 18 ಡಿಗ್ರಿಯ ಆ ಪ್ರಶ್ನೆಗೆ ಹೋಗುವಂತೆಯೇ ಇಲ್ಲ. ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ ವರ್ಷದ ಮಳೆಯ ಶೇ. 70 ಅಥವಾ ಹೆಚ್ಚು ಬಿದ್ದರೆ 280 ಕೂಡಿಸಿ, ಶೇ. 30ರಿಂದ 70ರ ನಡುವೆ ಇದ್ದರೆ 140 ಕೂಡಿಸಿ, ಅದಕ್ಕಿಂತ ಕಡಿಮೆಯಾದರೆ ಏನೂ ಬೇಡ. ಇಲ್ಲಿ ಆ ಆರು ತಿಂಗಳ ಮಳೆ 345, ಅಂದರೆ ಸುಮಾರು ಶೇ. 68. ಅಕ್ಟೋಬರ್ ಹೊರಗೆ ಉಳಿದದ್ದರಿಂದಲೇ ಇಷ್ಟು ಇಳಿಯಿತು. ಸರಾಸರಿ 27 ಡಿಗ್ರಿ:

20 × 27 + 140 = 680

ವರ್ಷದ ಮಳೆ 680ಕ್ಕಿಂತ ಕಡಿಮೆ ಇದ್ದರೆ ಒಣ ವರ್ಗ. ಅದರ ಅರ್ಧ 340ಕ್ಕಿಂತಲೂ ಕಡಿಮೆಯಾದರೆ ಮರುಭೂಮಿ. 510 ನಡುವೆ ಬರುತ್ತದೆ, ಹಾಗಾಗಿ ಅರೆಶುಷ್ಕ. ವರ್ಷದ ಸರಾಸರಿ 18 ದಾಟಿರುವುದರಿಂದ ಬಿಸಿ ಅರೆಶುಷ್ಕ, ಕೊಪೆನ್ ಸಂಕೇತದಲ್ಲಿ ಬಿಎಸ್‌ಎಚ್. ಶೇ. 68 ಗಡಿಗೆ ಹತ್ತಿರವಿದೆಯಲ್ಲ ಎಂದು ಯಾರಾದರೂ ಕೇಳಬಹುದು. 280 ಕೂಡಿಸಿದರೂ ಗಡಿ 820, ಅರ್ಧ 410. 510 ಆಗಲೂ ನಡುವೆಯೇ. ಈ ಮರುಪರೀಕ್ಷೆಯನ್ನೂ ಲೇಖನದಲ್ಲಿ ಸೇರಿಸಿ.

ಗ್ರಾಫ್‌ನ ಕೆಳಗೆ ಮಾಪನ ಕೇಂದ್ರದ ಹೆಸರು, ಯಾವ ವರ್ಷದಿಂದ ಯಾವ ವರ್ಷದವರೆಗಿನ ಸರಾಸರಿ ಎಂಬುದು ಬೇಕು. ಒಂದೆರಡು ವರ್ಷದ ಅಂಕಿಗಳಾದರೆ ಒಂದೇ ಚಂಡಮಾರುತ ಅಕ್ಟೋಬರ್ ಕಂಬವನ್ನು ಎರಡು ಪಟ್ಟು ಮಾಡಿಬಿಡಬಹುದು. 30 ವರ್ಷದ ಸರಾಸರಿ ಹಾಕಿ. ಇಷ್ಟು ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.