‘ಈಗ ಬೇಡ’ ಎನ್ನುತ್ತಲೇ ವರ್ಷಗಳು ಕಳೆದವು

ಪ್ರಶ್ನೆ: ನನಗೆ 35, ಗಂಡನಿಗೆ 38. ಹುಬ್ಬಳ್ಳಿಯಲ್ಲಿದ್ದೇವೆ, ಮದುವೆಯಾಗಿ ಏಳು ವರ್ಷ. ಇಬ್ಬರೂ ಚೆನ್ನಾಗಿದ್ದೇವೆ. ಮಗುವಿನ ಮಾತು ಬಂದರೆ ಮಾತ್ರ ಅವರು ಎದ್ದು ಹೋಗುತ್ತಾರೆ. ಮೊದಲು ಸ್ವಂತ ಮನೆ ಆಗಲಿ ಅಂದರು, ಆಮೇಲೆ ಪ್ರಮೋಷನ್ ಅಂದರು. ಎರಡೂ ಆಯಿತು. ಈಗ ‘ನಾವಿಬ್ಬರೇ ಆರಾಮಾಗಿದ್ದೀವಲ್ಲ’ ಅನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಅವರ ತಂಗಿಗೆ ಹೆರಿಗೆಯಲ್ಲಿ ರಕ್ತ ಹೋಗಿ, ಬದುಕಿದ್ದೇ ಹೆಚ್ಚು. ‘ಸುಮ್ನೆ ಮಾತ್ರೆ ನಿಲ್ಲಿಸು, ಆದಮೇಲೆ ಒಪ್ಕೋತಾರೆ’ ಅಂತಾಳೆ ನನ್ನ ಅಕ್ಕ. ಏನು ಮಾಡಲಿ?

ಉತ್ತರ: ಅಕ್ಕನ ಮಾತು ಕೇಳಬೇಡಿ. ಮಗು ಹುಟ್ಟಿದ ಮೇಲೆ ಮನಸ್ಸು ಬದಲಾಯಿಸಿಕೊಂಡವರು ಇದ್ದಾರೆ, ನಿಜ. ಆದರೆ ಗುಟ್ಟಾಗಿ ಮಾತ್ರೆ ನಿಲ್ಲಿಸಿದ್ದು ತಿಳಿದ ದಿನ ನಿಮ್ಮ ಗಂಡನಿಗೆ ಮಗುವಿನ ಮೇಲಲ್ಲ, ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ. ರಾತ್ರಿ ನಿದ್ದೆಗೆಟ್ಟು ಮಗುವನ್ನು ನೋಡಿಕೊಳ್ಳಬೇಕಾದ ಹೊತ್ತಲ್ಲೇ ಅವರು ದೂರವಾಗಿರುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅವರ ತಂಗಿಯ ಹೆರಿಗೆ. ಮನೆ, ಪ್ರಮೋಷನ್ ಎರಡೂ ಆದಮೇಲೂ ‘ಬೇಡ’ ಉಳಿದಿದೆ ಎಂದರೆ ಅಡ್ಡಿ ಇದ್ದದ್ದು ದುಡ್ಡಿನದಲ್ಲ. ಹೆಂಡತಿಗೂ ಹಾಗೇ ಆದರೆ ಎಂಬ ಭಯ ಇರಬಹುದು. ಭಯ ಎಂದು ಬಾಯಿಬಿಟ್ಟು ಹೇಳುವುದು ಗಂಡಸರಿಗೆ ಕಷ್ಟ, ಅದಕ್ಕೇ ಎದ್ದು ಹೋಗುತ್ತಾರೆ. ಅಥವಾ ಅವರಿಗೆ ನಿಜಕ್ಕೂ ಅಪ್ಪನಾಗುವ ಆಸೆಯೇ ಇಲ್ಲದಿರಬಹುದು. ಇವೆರಡರಲ್ಲಿ ಯಾವುದು ಎಂದು ತಿಳಿಯದೆ ನೀವು ಮುಂದಿನ ಹೆಜ್ಜೆ ಇಡಲಾರಿರಿ.

ತಿಳಿಯಲು ‘ಯಾವಾಗ?’ ಎಂದು ಕೇಳಬೇಡಿ, ಅದಕ್ಕೆ ಮತ್ತೊಂದು ನೆಪ ಸಿಗುತ್ತದೆ. ಭಾನುವಾರ ಬೆಳಗ್ಗೆ, ಅತ್ತೆ, ಅಕ್ಕ ಯಾರೂ ಇಲ್ಲದಾಗ, ಹೀಗೆ ಕೇಳಿ: ‘ನನಗೆ ಏನೂ ಅಪಾಯ ಆಗಲ್ಲ ಅಂತ ಗ್ಯಾರಂಟಿ ಇದ್ದರೆ ನಿಮಗೆ ಮಗು ಬೇಕು ಅನ್ನಿಸುತ್ತಾ?’ ಕೇಳಿದ ಮೇಲೆ ನೀವು ಮಾತಾಡಬೇಡಿ. ‘ಹಾಗಿದ್ರೆ ಸರಿ’ ಎಂದರೆ ಅದು ಭಯ. ‘ಆಗಲೂ ಬೇಡ’ ಎಂದರೆ ಅದು ಅವರ ನಿಜವಾದ ಉತ್ತರ, ಅದನ್ನು ನಂಬಿ.

ಭಯವಾದರೆ ದಾರಿ ಇದೆ. ಗರ್ಭಿಣಿ ಆಗುವ ಮೊದಲೇ ಇಬ್ಬರೂ ಒಟ್ಟಿಗೆ ಸ್ತ್ರೀರೋಗ ತಜ್ಞರ ಬಳಿ ಹೋಗಿ. ತಂಗಿಗೆ ಆದದ್ದನ್ನು ನಿಮ್ಮ ಗಂಡನೇ ವೈದ್ಯರಿಗೆ ವಿವರಿಸಲಿ. ಹೆರಿಗೆಯ ನಂತರ ಗರ್ಭಕೋಶ ಸರಿಯಾಗಿ ಮುದುಡದೇ ಇರುವುದು ಹೆಚ್ಚು ರಕ್ತ ಹೋಗಲು ಮುಖ್ಯ ಕಾರಣ, ಅದಕ್ಕೆ ಇಂಜೆಕ್ಷನ್, ಔಷಧಿ ಇವೆ. ಮೊದಲೇ ಹಿಮೋಗ್ಲೋಬಿನ್ ನೋಡಿ ರಕ್ತಹೀನತೆ ಸರಿಪಡಿಸಿಕೊಳ್ಳುವುದು, ರಕ್ತ ಸಿಗುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸುವುದು, ಇವೆಲ್ಲ ನಿಮ್ಮ ಕೈಯಲ್ಲಿದೆ. ತಂಗಿಗೆ ಆಯಿತು ಎಂದಮಾತ್ರಕ್ಕೆ ನಿಮಗೂ ಆಗಬೇಕಿಲ್ಲ. ಅಪಾಯ ಸೊನ್ನೆ ಎಂದು ಯಾವ ವೈದ್ಯರೂ ಹೇಳುವುದಿಲ್ಲ, ನೀವೂ ಹಾಗೆ ಭರವಸೆ ಕೊಡಬೇಡಿ.

ವಯಸ್ಸಿನ ಮಾತು ಗಂಡನ ಮುಂದೆಯೂ ಆಗಬೇಕು. 30ರ ಆರಂಭದಲ್ಲಿ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 20ರ ಹತ್ತಿರ. 40ರ ಹೊತ್ತಿಗೆ ಅದು 5ರ ಆಸುಪಾಸು. 35 ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ವೈದ್ಯರನ್ನು ಕಾಣಬೇಕು ಎನ್ನುವುದು ಇದಕ್ಕೇ. ಎಎಂಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಬಹುದು, ಆದರೆ ಅದು ಅಂಡಾಣು ಎಷ್ಟು ಉಳಿದಿವೆ ಎಂಬ ಅಂದಾಜು ಕೊಡುತ್ತದೆಯೇ ಹೊರತು, ನಿಮಗೆ ಸಹಜವಾಗಿ ಮಗು ಆಗುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ರಿಪೋರ್ಟ್ ಚೆನ್ನಾಗಿದೆ ಎಂದು ಇನ್ನೂ ಮೂರು ವರ್ಷ ಮುಂದೂಡಬೇಡಿ. ಅಂಡಾಣುಗಳನ್ನು ಫ್ರೀಜ್ ಮಾಡಿಸುವುದೂ ಸ್ವಲ್ಪ ಸಮಯ ಕೊಡುತ್ತದೆ, ಖಾತ್ರಿ ಕೊಡುವುದಿಲ್ಲ. ಗಂಡನ ಮನಸ್ಸು ಅದರಿಂದ ಬದಲಾಗುವುದಂತೂ ಇಲ್ಲ.

‘ಆಗಲೂ ಬೇಡ’ ಎಂದರೆ? ದತ್ತು ನಡುವಿನ ದಾರಿ ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಮ್ಮ ದತ್ತು ನಿಯಮದಲ್ಲೂ ದಂಪತಿ ಇಬ್ಬರ ಒಪ್ಪಿಗೆ ಬೇಕು. ಬೇಡ ಎನ್ನುವವರ ಮನೆಗೆ ಮಗುವನ್ನು ತರುವುದು ಅದಕ್ಕೆ ಅನ್ಯಾಯ. ಆಗ ಉಳಿಯುವುದು ಎರಡೇ. ಮಗುವಿಲ್ಲದ ಬಾಳನ್ನು ನೀವೇ ಆರಿಸಿಕೊಳ್ಳುವುದು, ಇಲ್ಲವೇ ಬೇರೆಯಾಗುವುದು. ಮೊದಲನೆಯದನ್ನು ‘ಅವರಿಗೋಸ್ಕರ ಬಿಟ್ಟೆ’ ಎಂದು ಎಣಿಸಿಕೊಂಡು ಮಾಡಬೇಡಿ, ನಲವತ್ತೈದರಲ್ಲಿ ಅದು ಪ್ರತಿ ಜಗಳದಲ್ಲೂ ಹೊರಗೆ ಬರುತ್ತದೆ. ಅವರೂ ಅಷ್ಟೇ, ನಿಮ್ಮನ್ನು ಕಳೆದುಕೊಳ್ಳುವ ಭಯಕ್ಕೆ ‘ಆಯ್ತು ಬಿಡು’ ಎಂದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಇಂಥ ಕಡೆ ದಂಪತಿ ಆಪ್ತಸಮಾಲೋಚಕರ ಬಳಿ ಹೋಗುವುದು ನಾಚಿಕೆಯ ವಿಷಯವಲ್ಲ.

ಮೂರು ತಿಂಗಳ ಗಡುವು ಇಟ್ಟುಕೊಳ್ಳಿ, ಅದನ್ನು ಅವರಿಗೂ ತಿಳಿಸಿ. ಅಷ್ಟರಲ್ಲಿ ಡಾಕ್ಟರ ಭೇಟಿ ಆಗಿರಲಿ. ಅತ್ತೆ ‘ಏನಮ್ಮಾ, ಇನ್ನೂ ಸುದ್ದಿ ಇಲ್ವಾ’ ಎಂದು ಕೇಳಿದರೆ ಅಲ್ಲಿಯವರೆಗೆ ಉತ್ತರ ಕೊಡಬೇಕಾದವರು ಅವರ ಮಗ, ನೀವಲ್ಲ.