ಸ್ಕ್ಯಾನ್ ಮಾಡಿದ ಲೋಗೋ ಮೇಲಿನ ಚಹಾ ಕಲೆ, ಮಾಸಿದ ಮೂಲೆ

«ತಾತನ ಹತ್ತಿ ಅಂಗಡಿಯ ಹಳೇ ಬಿಲ್ ಪುಸ್ತಕದಿಂದ ನೀಲಿ ಲೋಗೋ ಸ್ಕ್ಯಾನ್ ಮಾಡಿದ್ದೀನಿ. ಮಧ್ಯದಲ್ಲಿ ಚಹಾ ಕಲೆ, ಒಂದು ಮೂಲೆ ಬಿಸಿಲಿಗೆ ಮಾಸಿದೆ. ಕ್ಲೋನ್ ಟೂಲ್ ಬಳಸಿದ್ರೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಬೇರೆ ದಾರಿ ಇದೆಯಾ?»

ಇದೆ. ದಾವಣಗೆರೆಯಲ್ಲಿ ನಮ್ಮದು ಡಿಟಿಪಿ ಮತ್ತು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮಂಡಿಪೇಟೆಯ ಹಳೇ ಬಿಲ್ಲುಗಳು ಇದೇ ಸ್ಥಿತಿಯಲ್ಲಿ ನಮ್ಮ ಟೇಬಲ್ಲಿಗೆ ಬರುತ್ತಿರುತ್ತವೆ. ಕ್ಲೋನ್ ಟೂಲ್ ಬಿಟ್ಟುಬಿಡಿ. ಕಲೆಯ ಕೆಳಗೆ ನಿಮ್ಮ ತಾತನ ಕಾಲದ ಇಂಕು ಹಾಗೇ ಇದೆ. ಅದನ್ನು ಮುಚ್ಚಿ ಬೇರೆ ಕಡೆಯ ತುಂಡು ಅಂಟಿಸುವುದು ಯಾಕೆ?

ಚಹಾ ಕಲೆ ಬಣ್ಣದ ಗಾಜಿನ ಥರ. ಬೆಳಕಿನ ಒಂದು ಪಾಲನ್ನು ಅದು ನುಂಗುತ್ತದೆ, ಉಳಿದದ್ದರಲ್ಲಿ ಇನ್ನೊಂದು ಪಾಲನ್ನು ಇಂಕು ನುಂಗುತ್ತದೆ. ಅಂದರೆ ಎರಡೂ ಗುಣಾಕಾರವಾಗಿ ಸೇರುತ್ತವೆ. ಕಾಗದದ ಬೆಳಕನ್ನು ಪಿಕ್ಸೆಲ್‌ನ ಬೆಳಕಿನಿಂದ ಭಾಗಿಸಿ ಲಾಗ್ ತೆಗೆದರೆ ಡೆನ್ಸಿಟಿ ಸಿಗುತ್ತದೆ. ಡೆನ್ಸಿಟಿಯಲ್ಲಿ ಅದೇ ಗುಣಾಕಾರ ಬರೀ ಕೂಡುವಿಕೆ ಆಗುತ್ತದೆ. ಹಾಗಾಗಿ ಕಲೆಯನ್ನು ಕಳೆಯಬಹುದು, ಮಾಸಿದ ಇಂಕನ್ನು ಹೆಚ್ಚಿಸಬಹುದು.

ನಿಮ್ಮ ಲೋಗೋ ನೀಲಿ ಆಗಿರುವುದು ದೊಡ್ಡ ಅನುಕೂಲ. ಚಹಾ ಕಲೆ ನುಂಗುವುದು ಜಾಸ್ತಿ ನೀಲಿ ಬೆಳಕನ್ನು, ಕೆಂಪನ್ನು ಮುಟ್ಟುವುದೇ ಕಡಿಮೆ. ನೀಲಿ ಇಂಕು ಅದಕ್ಕೆ ತಿರುಗಾಮುರುಗಾ. ಜಿಂಪ್‌ನಲ್ಲಿ Colors > Components > Decompose ಕೊಟ್ಟು ಕೆಂಪು ಚಾನೆಲ್ ಒಂದನ್ನೇ ನೋಡಿ. ಇಂಕು ಕಪ್ಪಗೆ ನಿಂತಿರುತ್ತದೆ, ಕಲೆ ಹೆಚ್ಚುಕಡಿಮೆ ಮಾಯ.

ಒಂದು ಬಿಲ್ಲಿನ ಲೆಕ್ಕ ಹೇಳುತ್ತೇನೆ. ಕಾಗದ ಮೂರೂ ಚಾನೆಲ್‌ನಲ್ಲಿ 0.80 ಇತ್ತು. ಕಲೆ ಇಲ್ಲದ ಕಡೆ ಗಟ್ಟಿ ಇಂಕು ಕೆಂಪಿನಲ್ಲಿ 0.08, ಹಸಿರಿನಲ್ಲಿ 0.20, ನೀಲಿಯಲ್ಲಿ 0.40. ಡೆನ್ಸಿಟಿ ಕ್ರಮವಾಗಿ 1.0, 0.6, 0.3 ಆಯಿತು. ಈ ಅನುಪಾತವೇ ಆ ಇಂಕಿನ ಗುರುತು. ಬರೀ ಕಾಗದದ ಮೇಲಿನ ಕಲೆ ನೀಲಿಯಲ್ಲಿ 0.30 ಡೆನ್ಸಿಟಿ ಸೇರಿಸಿತ್ತು, ಕೆಂಪಿನಲ್ಲಿ ಬರೀ 0.02. ಹಾಗಾಗಿ ಕೆಂಪು ಚಾನೆಲ್‌ನಿಂದ ಮಾತ್ರ ಇಂಕನ್ನು ಅಳೆದು, ಕಲೆ ಇರುವ ಭಾಗದಲ್ಲಿ ಆ 0.02 ಕಳೆದು, ಉಳಿದೆರಡು ಚಾನೆಲ್‌ಗಳನ್ನು ಅನುಪಾತದಿಂದ ಹೊಸದಾಗಿ ಕಟ್ಟಿದೆ:

```python
# img: 0-1, ಲೀನಿಯರ್; paper: ಕಾಗದದ ಮೂರು ಬೆಲೆ (numpy)
d = np.log10(paper[0] / img[..., 0].clip(0.001))
d = (d - stain).clip(0) * k
new = paper * 10 ** (-d[..., None] * [1, 0.6, 0.3])
```

`stain` ಅಂದರೆ ಕಲೆಯ ಮೇಲೆ 0.02, ಉಳಿದ ಕಡೆ 0. ಚಹಾ ಕಲೆಯ ಅಂಚಿನ ಕಂದು ಗೆರೆ ಒಳಭಾಗಕ್ಕಿಂತ ಗಾಢ ಇರುತ್ತದೆ, ಅದನ್ನು ಬೇರೆಯಾಗಿ ಅಳೆಯಿರಿ. `k` ಮಾಸಿದ ಮೂಲೆಗೆ. ಅಲ್ಲಿ ಗಟ್ಟಿ ಇಂಕಿನ ಡೆನ್ಸಿಟಿ 1.0 ಬದಲು 0.5 ಉಳಿದಿದ್ದರೆ `k` 2, ಚೆನ್ನಾಗಿರುವ ಕಡೆ 1, ನಡುವೆ ಮೆಲ್ಲಗೆ ಬದಲಾಗಲಿ. ಮೊದಲು ಕಳೆಯಿರಿ, ಆಮೇಲೆ ಗುಣಿಸಿ. ತಿರುಗಿಸಿ ಮಾಡಿದರೆ ಕಲೆಯೂ ದುಪ್ಪಟ್ಟಾಗುತ್ತದೆ.

ಸ್ಕ್ಯಾನ್ 600 ಡಿಪಿಐ, 16 ಬಿಟ್ ಟಿಫ್ ಇರಲಿ. ಸ್ಕ್ಯಾನರಿನ ಆಟೋ ಕಲರ್, ಶಾರ್ಪನ್ ಎರಡನ್ನೂ ಆಫ್ ಮಾಡಿ. ಫೈಲ್ ಎಸ್‌ಆರ್‌ಜಿಬಿಯಲ್ಲಿ ಬಂದಿದ್ದರೆ ಮೊದಲು ಲೀನಿಯರ್‌ಗೆ ತನ್ನಿ, ಇಲ್ಲದಿದ್ದರೆ ಮೇಲಿನ ಅಂಕಿಗಳ ಜೊತೆ ನಿಮ್ಮದು ತಾಳೆ ಆಗುವುದಿಲ್ಲ.

ಇದಕ್ಕೂ ಮಿತಿ ಇದೆ. ಮಾಸಿದ ಕಡೆ ಡೆನ್ಸಿಟಿ 0.1 ಮಾತ್ರ ಉಳಿದಿದ್ದರೆ `k` 10 ಆಗುತ್ತದೆ. ಆಗ ಕಾಗದದ ನಾರು, ಸ್ಕ್ಯಾನರಿನ ನಾಯ್ಸ್ ಎಲ್ಲಾ ಹತ್ತು ಪಟ್ಟು ಎದ್ದು, ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಅಷ್ಟು ಹೋಗಿರುವ ಭಾಗವನ್ನು ಕೈಯಿಂದ ಬಿಡಿಸುವುದೇ ಸರಿ. ಲೋಗೋ ಕೆಂಪು ಇಂಕಿನದ್ದಾಗಿದ್ದರೆ ಕೆಂಪು ಚಾನೆಲ್‌ನಲ್ಲಿ ಅದು ಕಾಣುವುದೇ ಇಲ್ಲ. ಆಗ ಹಸಿರು ಚಾನೆಲ್ ಹಿಡಿಯಬೇಕು. ಅಲ್ಲಿ ಕಲೆಯೂ ಸ್ವಲ್ಪ ಇರುವುದರಿಂದ ಅದನ್ನು ಹುಷಾರಾಗಿ ಅಳೆದು ಕಳೆಯಬೇಕು.

ಅಕ್ಷರದ ಅಂಚಿನಲ್ಲಿ ಒಂದು ಪಿಕ್ಸೆಲ್‌ನಷ್ಟು ತಿಳಿ ಗೆರೆ ಕಾಣಬಹುದು. ಆ ಪಿಕ್ಸೆಲ್ ಅರ್ಧ ಕಾಗದ, ಅರ್ಧ ಇಂಕು. ಅಲ್ಲಿ ಅನುಪಾತ ನಿಲ್ಲುವುದಿಲ್ಲ. ಒಂದೇ ಬಣ್ಣದಲ್ಲಿ ಮತ್ತೆ ಪ್ರಿಂಟ್ ಮಾಡಿಸುವುದಾದರೆ ಇದರ ಚಿಂತೆ ಬೇಡ, `d` ಒಂದೇ ಸಾಕು. ಅದನ್ನು ಕಪ್ಪು-ಬಿಳುಪು ಮಾಡಿ ಫಿಲ್ಮ್ ತೆಗೆಸಿ. ಆದರೆ ಗಡಿಯನ್ನು 0.5ಕ್ಕೆ ಇಡಬೇಡಿ, ಅಕ್ಷರ ಸಣಕಲಾಗುತ್ತವೆ. ಅರ್ಧ ಕಾಗದ, ಅರ್ಧ ಇಂಕು ಇರುವ ಪಿಕ್ಸೆಲ್‌ನ ಬೆಳಕು 0.80 ಮತ್ತು 0.08ರ ಸರಾಸರಿ, ಅಂದರೆ 0.44. ಅದರ ಡೆನ್ಸಿಟಿ 0.26. ಅಲ್ಲಿ ಕತ್ತರಿಸಿದರೆ ಗೆರೆಗಳ ದಪ್ಪ ಹಳೇ ಬಿಲ್ಲಿನಲ್ಲಿದ್ದಷ್ಟೇ ಬರುತ್ತದೆ.