2 ಮಿಲ್ ಫಿಲ್ಮ್ ಅಂದರೆ ಎಷ್ಟು ಮೈಕ್ರಾನ್?

"ಅಮೆರಿಕದ ಗಿರಾಕಿ 2 ಮಿಲ್ ಎಲ್‌ಡಿಪಿಇ ಕವರ್ ಕೇಳಿದ್ದಾರೆ. ಇಲ್ಲಿ ಎಲ್ಲರದ್ದೂ ಮೈಕ್ರಾನ್ ಲೆಕ್ಕ. ಎಷ್ಟು ದಪ್ಪದ್ದು ತಗೊಳ್ಳಲಿ?"

51 ಮೈಕ್ರಾನ್ ಕೇಳಿ. ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಅಂದರೆ 25.4 ಮೈಕ್ರೊಮೀಟರ್. ಮೈಕ್ರೊಮೀಟರ್ ಅಂದರೂ ಮೈಕ್ರಾನ್ ಅಂದರೂ ಒಂದೇ. 2 × 25.4 = 50.8. ಅಂಗಡಿಯವರು ಗೇಜ್ ಲೆಕ್ಕದಲ್ಲಿ ಮಾತಾಡಿದರೆ 200 ಗೇಜ್ ಅನ್ನಿ.

ಆದರೆ ಆ ದಪ್ಪ ಒಂದೇ ಪದರದ್ದಾ ಅಂತ ಖಂಡಿತ ಕೇಳಿ. ಕೆಲವರು ಕವರಿನ ಎರಡೂ ಪದರ ಸೇರಿಸಿ ಹೇಳುತ್ತಾರೆ. ಹಾಗಾದರೆ ನಿಮಗೆ ಸಿಗುವುದು 1 ಮಿಲ್ ಮಾಲು, ಅಷ್ಟೇ.

ಅನುಮಾನ ಇದ್ದರೆ ತೂಕ ನೋಡಿ. ಒಂದು ಪದರವನ್ನು ಒಂದು ಚದರ ಮೀಟರ್ ಕತ್ತರಿಸಿ ತೂಗಿದರೆ ಸುಮಾರು 47 ಗ್ರಾಂ ಬರಬೇಕು. 37 ಗ್ರಾಂ ಬಂತು ಅಂದರೆ ಅದು ಹೆಚ್ಚು ಕಮ್ಮಿ 40 ಮೈಕ್ರಾನ್. ಈ ತೂಕ ಎಲ್‌ಡಿಪಿಇಗೆ ಮಾತ್ರ. ಬೇರೆ ಪ್ಲಾಸ್ಟಿಕ್‌ಗೆ ಬದಲಾಗುತ್ತದೆ.